ಹತ್ತರಲ್ಲಿ ಒಂಬತ್ತು ಗೆಲುವು: ಲೆಕ್ಕ ಹಾಕಿ ನೋಡೋಣವೇ?

ಪಿಯುಸಿಯಲ್ಲಿ ವಿಜ್ಞಾನ ಓದಿದವರು ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕವನ್ನು ಮರೆತಿರಲಾರರು. ಲೋಲಕದ ಆಂದೋಲನಗಳನ್ನು ಎಣಿಸಿ ಕಾಲವನ್ನು ಗುರುತು ಹಾಕಿಕೊಳ್ಳುವಾಗ ಮೇಷ್ಟ್ರು ಮೂರು ಮಾತುಗಳನ್ನು ಪದೇ ಪದೇ ಹೇಳುತ್ತಾರೆ. ಅಳತೆಯನ್ನು ಕಂಡ ಕೂಡಲೇ ಬರೆದುಕೊಳ್ಳಬೇಕು, ಆಮೇಲೆ ನೆನಪಿನಿಂದ ಬರೆಯಬಾರದು. ತಪ್ಪೆಂದು ತೋರಿದ ಅಳತೆಯನ್ನು ರಬ್ಬರಿನಿಂದ ಅಳಿಸಬಾರದು, ಒಂದು ಗೆರೆ ಎಳೆದು ಹಾಗೆಯೇ ಬಿಡಬೇಕು. ಅಂಕಿಯ ಮುಂದೆ ಅದರ ಏಕಮಾನ ಇರಲೇಬೇಕು. ಇವಿಷ್ಟೂ ಪರೀಕ್ಷೆಯ ಅಂಕಗಳಿಗಾಗಿ ಮಾಡಿದ ನಿಯಮಗಳೆಂದು ಅನೇಕ ವಿದ್ಯಾರ್ಥಿಗಳು ಭಾವಿಸಿದ್ದಾರೆ. ಆದರೆ ಇದೇ ಮೂರು ನಿಯಮಗಳು ಮನೆಯ ದುಡ್ಡನ್ನೂ ಉಳಿಸಬಲ್ಲವು. ಹೇಗೆಂಬುದನ್ನು ಈ ವಾರ ನೋಡೋಣ.

ಇಂದು ಕಾಲೇಜಿಗೆ ಹೋಗುವ ಹುಡುಗರ ಮೊಬೈಲಿನಲ್ಲಿ ಟೆಲಿಗ್ರಾಂ ಅಥವಾ ವಾಟ್ಸ್‌ಆಪ್‌ನ ಷೇರು ಪೇಟೆ ಗುಂಪೊಂದು ಇರುವುದು ಅಪರೂಪವೇನಲ್ಲ. ಯಾವ ಷೇರು ಕೊಳ್ಳಬೇಕು, ಯಾವ ಬೆಲೆಗೆ ಮಾರಬೇಕು ಎಂದು ಅಲ್ಲಿ ದಿನವೂ ಬೆಳಿಗ್ಗೆ ಸಂದೇಶ ಬರುತ್ತದೆ. ಮೊದಲು ಪುಕ್ಕಟೆ. ಕೆಲವು ದಿನ ಕಳೆದ ಮೇಲೆ, ‘ನಿಜವಾದ ಟಿಪ್ಸ್ ಬೇಕಾದರೆ ವಿಐಪಿ ಗುಂಪಿಗೆ ಸೇರಿ, ತಿಂಗಳಿಗೆ ಮೂರು ಸಾವಿರ ರೂಪಾಯಿ’ ಎಂಬ ಆಹ್ವಾನ. ಜೊತೆಗೆ ಕಳೆದ ತಿಂಗಳ ಪಟ್ಟಿಯೊಂದು: ಹತ್ತು ಸಲಹೆ, ಒಂಬತ್ತು ಗೆಲುವು, ಶೇಕಡಾ 90 ಯಶಸ್ಸು, ಲಾಭ ಗ್ಯಾರಂಟಿ. ಮಗ ಈ ಪಟ್ಟಿಯನ್ನು ಅಪ್ಪನಿಗೆ ತೋರಿಸುತ್ತಾನೆ. ಅಪ್ಪನಿಗೆ ಅನುಮಾನ, ಆದರೆ ಅಂಕಿಗಳ ಎದುರು ಏನು ಹೇಳಬೇಕೆಂದು ತೋಚದು. ‘ಅದೆಲ್ಲ ಮೋಸ ಕಣೋ’ ಎಂದರೆ ಮಗ ಒಪ್ಪುವುದಿಲ್ಲ. ಮಗನ ಹಟವೂ ಒಂದು ರೀತಿಯಲ್ಲಿ ನ್ಯಾಯವೇ. ಪುರಾವೆ ಇಲ್ಲದೆ ಮೋಸ ಎನ್ನುವುದೂ ಪುರಾವೆ ಇಲ್ಲದೆ ನಂಬುವುದೂ ಒಂದೇ ಬಗೆಯ ತಪ್ಪುಗಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಿದೆಯಲ್ಲವೇ? ಪ್ರಮಾಣಿಸಿಯೇ ನೋಡೋಣ.

ಯಾವುದು ದಾಖಲೆ, ಯಾವುದು ಅಲ್ಲ?

ಗುಂಪುಗಳು ಹೆಚ್ಚಾಗಿ ತೋರಿಸುವ ಪುರಾವೆ ಸ್ಕ್ರೀನ್‌ಶಾಟ್. ಹಸಿರು ಅಕ್ಷರದಲ್ಲಿ ‘ಇಂದಿನ ಲಾಭ 84,000’ ಎಂದು ಬರೆದ ಚಿತ್ರ. ಇದು ದಾಖಲೆಯಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದಿರುವ ಯಾವುದೇ ಪುಟದ ಅಂಕಿಯನ್ನು, ನಮ್ಮ ಪರದೆಯ ಮೇಲೆ ಮಾತ್ರ ಕಾಣುವಂತೆ, ಅರ್ಧ ನಿಮಿಷದಲ್ಲಿ ಬದಲಿಸಿ ಚಿತ್ರ ತೆಗೆಯಬಹುದು. ಅದಕ್ಕೆ ಪ್ರತ್ಯೇಕ ತಂತ್ರಾಂಶವೂ ಬೇಡ, ಬ್ರೌಸರಿನಲ್ಲೇ ಆ ಸೌಲಭ್ಯವಿದೆ. ಚಿತ್ರ ನಿಜವೇ ಆಗಿದ್ದರೂ, ಅದೇ ವ್ಯಕ್ತಿಯ ಇನ್ನೊಂದು ಖಾತೆಯಲ್ಲಿ ಅದೇ ದಿನ ಎಷ್ಟು ನಷ್ಟವಾಯಿತೆಂದು ಅದು ಹೇಳುವುದಿಲ್ಲ.

ಹಾಗಾದರೆ ದಾಖಲೆ ಯಾವುದು? ಸಲಹೆ ಮಾರುವವನ ಕೈಗೆ ಸಿಗದ ಜಾಗದಲ್ಲಿ ಇರುವುದು. ಇಂಥವು ಎರಡಿವೆ.

ಮೊದಲನೆಯದು ಭಾವ್‌ಕಾಪಿ. ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಎಂದರೆ ಎನ್‌ಎಸ್‌ಇ, ಪ್ರತಿ ದಿನದ ವಹಿವಾಟು ಮುಗಿದ ಮೇಲೆ ತನ್ನ ವೆಬ್‌ಸೈಟಿನಲ್ಲಿ ಎಲ್ಲ ಷೇರುಗಳ ಆ ದಿನದ ಬೆಲೆಪಟ್ಟಿಯನ್ನು ಪುಕ್ಕಟೆಯಾಗಿ ಹಾಕುತ್ತದೆ. ಹಳೆಯ ದಿನಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಎಕ್ಸೆಲ್‌ನಲ್ಲಿ ಅದನ್ನು ತೆರೆದರೆ ಪ್ರತಿ ಷೇರಿನ ಎದುರು OPEN_PRICE, HIGH_PRICE, LOW_PRICE, CLOSE_PRICE ಎಂಬ ಅಂಕಣಗಳು ಕಾಣುತ್ತವೆ. ಎಂದರೆ ದಿನದ ಮೊದಲ ಬೆಲೆ, ಗರಿಷ್ಠ ಬೆಲೆ, ಕನಿಷ್ಠ ಬೆಲೆ ಮತ್ತು ಮುಕ್ತಾಯದ ಬೆಲೆ. ದಿನದ ಕನಿಷ್ಠಕ್ಕಿಂತ ಕಡಿಮೆಗೆ ಕೊಂಡೆ ಎಂದಾಗಲಿ, ಗರಿಷ್ಠಕ್ಕಿಂತ ಹೆಚ್ಚಿಗೆ ಮಾರಿದೆ ಎಂದಾಗಲಿ ಯಾರಾದರೂ ಹೇಳಿದರೆ ಅದು ಸುಳ್ಳೆಂದು ಈ ಒಂದೇ ಸಾಲು ಹೇಳಿಬಿಡುತ್ತದೆ.

ಎರಡನೆಯದು ಕಾಂಟ್ರಾಕ್ಟ್ ನೋಟ್. ನಾವು ಷೇರು ಕೊಂಡರೆ ಅಥವಾ ಮಾರಿದರೆ ಬ್ರೋಕರ್ ಇಪ್ಪತ್ತನಾಲ್ಕು ಗಂಟೆಯೊಳಗೆ ನಮಗೆ ಕಳಿಸಲೇಬೇಕಾದ ಚೀಟಿ ಇದು. ಆರ್ಡರ್ ಸಂಖ್ಯೆ, ವಹಿವಾಟಿನ ಸಂಖ್ಯೆ, ವಹಿವಾಟು ನಡೆದ ಸಮಯ, ಎಷ್ಟು ಷೇರು, ಯಾವ ದರ, ಎಷ್ಟು ಖರ್ಚು, ಎಲ್ಲವೂ ಅದರಲ್ಲಿರುತ್ತವೆ. ‘ನಾನೇ ಈ ಸಲಹೆಯಂತೆ ವ್ಯಾಪಾರ ಮಾಡಿ ಗಳಿಸಿದ್ದೇನೆ’ ಎನ್ನುವವನ ಬಳಿ ಇದು ಇದ್ದೇ ತೀರಬೇಕು. ಇಡೀ ತಿಂಗಳ ಕಾಂಟ್ರಾಕ್ಟ್ ನೋಟ್‌ಗಳನ್ನು ತೋರಿಸಿ ಎಂದು ಕೇಳಿದರೆ, ‘ಸೀಟು ಎರಡೇ ಉಳಿದಿವೆ, ಬೇಗ ಸೇರಿ’ ಎಂಬ ಉತ್ತರ ಬಂದಿತೆನ್ನಿ. ಆಗ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಒಂದು ಪಟ್ಟಿಯನ್ನು ಬಿಡಿಸಿ ನೋಡೋಣ

ಅಭ್ಯಾಸಕ್ಕೆಂದು ಒಂದು ಕಲ್ಪಿತ ಪಟ್ಟಿಯನ್ನು ತೆಗೆದುಕೊಳ್ಳೋಣ. ಅಂಕಿಗಳು ನಾನು ಕಟ್ಟಿದವು, ಆದರೆ ಪಟ್ಟಿಯ ಸ್ವರೂಪ ಇಂಥ ಗುಂಪುಗಳಲ್ಲಿ ಕಾಣುವಂಥದ್ದೇ. ಹತ್ತು ಸಲಹೆಗಳಿವೆ. ಪ್ರತಿಯೊಂದೂ ಸುಮಾರು 500 ರೂಪಾಯಿ ಬೆಲೆಯ ಷೇರು, ಅಂದೇ ಕೊಂಡು ಅಂದೇ ಮಾರುವುದು, ಪ್ರತಿ ಸಲ 100 ಷೇರು. ಮೊದಲ ಸಲಹೆ ಹೀಗಿದೆ: ‘500ರ ಹತ್ತಿರ ಕೊಳ್ಳಿ. ಗುರಿ 504, 508, 515. ಸ್ಟಾಪ್‌ಲಾಸ್ 480.’ ಸ್ಟಾಪ್‌ಲಾಸ್ ಎಂದರೆ ಬೆಲೆ ಅಲ್ಲಿಗೆ ಇಳಿದರೆ ನಷ್ಟವನ್ನು ಒಪ್ಪಿಕೊಂಡು ಮಾರಿಬಿಡಬೇಕಾದ ಮಟ್ಟ. ತಿಂಗಳ ಕೊನೆಯ ಪಟ್ಟಿಯಲ್ಲಿ ಈ ಸಲಹೆಯ ಮುಂದೆ ‘ಗರಿಷ್ಠ 516, ಗಳಿಕೆ 16 ಅಂಶ, ಲಾಭ 1,600 ರೂಪಾಯಿ’ ಎಂದಿದೆ.

ಭಾವ್‌ಕಾಪಿಯನ್ನು ತೆರೆಯುತ್ತೇವೆ. ಮೊದಲ ಬೆಲೆ 512, ಗರಿಷ್ಠ 516, ಕನಿಷ್ಠ 476, ಮುಕ್ತಾಯ 482. ಗರಿಷ್ಠ 516 ನಿಜವೇ! ಆದರೆ ಕನಿಷ್ಠ 476 ಎಂಬುದನ್ನೂ ನೋಡಬೇಕು. 480ರ ಸ್ಟಾಪ್‌ಲಾಸ್ ಕೂಡ ಅದೇ ದಿನ ಮುರಿದಿದೆ. ಹಾಗಾದರೆ ಮೊದಲು ನಡೆದದ್ದು ಯಾವುದು? ಇದನ್ನು ಭಾವ್‌ಕಾಪಿ ಹೇಳಲಾರದು. ಅದು ದಿನದ ನಾಲ್ಕು ಬೆಲೆಗಳನ್ನು ಹೇಳುತ್ತದೆಯೇ ಹೊರತು ಅವುಗಳ ಸಮಯವನ್ನಲ್ಲ. ಆದ್ದರಿಂದ ಆ ದಿನದ ನಿಮಿಷ ನಿಮಿಷದ ಬೆಲೆ ತೋರಿಸುವ ನಕ್ಷೆಯನ್ನು ನೋಡಬೇಕು. ಯಾವುದೇ ಬ್ರೋಕರ್‌ನ ಆಪ್‌ನಲ್ಲಿ ಇದು ಇರುತ್ತದೆ. ನಕ್ಷೆಯ ಪ್ರಕಾರ 516 ಬಂದದ್ದು ಬೆಳಿಗ್ಗೆ 9.18ಕ್ಕೆ. ಗುಂಪಿನ ಸಂದೇಶ ಬಂದದ್ದು 9.40ಕ್ಕೆ, ಆಗ ಬೆಲೆ 509.

ಸಲಹೆ ಹುಟ್ಟುವ ಮೊದಲೇ ಆಗಿಹೋದ ಏರಿಕೆಯನ್ನು ಸಲಹೆಯ ಖಾತೆಗೆ ಜಮಾ ಮಾಡಿದ್ದಾರೆ ಎಂದಾಯಿತು. ಸಂದೇಶವನ್ನು ನಂಬಿ 500ಕ್ಕೆ ಆರ್ಡರ್ ಹಾಕಿ ಕಾದವನಿಗೆ ಬೆಲೆ ಇಳಿಯುವಾಗ ಷೇರು ಸಿಕ್ಕಿತು. ಆಮೇಲೆ ಬೆಲೆ 504ನ್ನು ಮುಟ್ಟದೆ ಇಳಿಯುತ್ತಲೇ ಹೋಗಿ ಮಧ್ಯಾಹ್ನ 480ಕ್ಕೆ ಬಂತು. ಅವನ ನಷ್ಟ 20 ಅಂಶ, 100 ಷೇರಿಗೆ 2,000 ರೂಪಾಯಿ. ಪಟ್ಟಿಯಲ್ಲಿ ಅದು 1,600 ರೂಪಾಯಿ ಲಾಭ!

ಉಳಿದ ಎಂಟು ಗೆಲುವುಗಳು ನಿಜವೆಂದೇ ಇಟ್ಟುಕೊಳ್ಳೋಣ. ಆದರೆ ಅಲ್ಲಿಯೂ ಪಟ್ಟಿಯವರು ದಿನದ ಗರಿಷ್ಠ ಬೆಲೆಯವರೆಗೆ ಎಣಿಸಿಕೊಂಡಿದ್ದಾರೆ. ಗುಂಪಿನಲ್ಲಿ ಆ ದಿನ ಬಂದ ಸಂದೇಶವನ್ನು ಓದಿದರೆ, ‘ಮೊದಲ ಗುರಿ ಮುಟ್ಟಿತು, ಲಾಭ ತೆಗೆದುಕೊಳ್ಳಿ’ ಎಂದಿದೆ. ಹಾಗೆ ಮಾಡಿದವನಿಗೆ ಸಿಕ್ಕಿದ್ದು 4 ಅಂಶ, ಎಂದರೆ 400 ರೂಪಾಯಿ. ಎಂಟು ಗೆಲುವಿಗೆ 3,200. ಸೋಲುಗಳು ಈಗ ಎರಡು, ಪಟ್ಟಿಯವರೇ ಒಪ್ಪಿಕೊಂಡದ್ದು ಒಂದು, ನಾವು ಕಂಡುಹಿಡಿದದ್ದು ಒಂದು. ತಲಾ 2,000ದಂತೆ 4,000. ಅಲ್ಲಿಗೇ 800 ರೂಪಾಯಿ ನಷ್ಟ. ಬ್ರೋಕರ್‌ನ ದಲ್ಲಾಳಿ, ವಹಿವಾಟು ತೆರಿಗೆ ಇತ್ಯಾದಿ ಸೇರಿ ಒಂದು ಸಲಕ್ಕೆ ಸುಮಾರು 50 ರೂಪಾಯಿ ಹಿಡಿದರೆ ಹತ್ತಕ್ಕೆ 500. ಗುಂಪಿನ ಶುಲ್ಕ 3,000. ಒಟ್ಟು 4,300 ರೂಪಾಯಿ ಕೈಬಿಟ್ಟಿತು. 50,000 ರೂಪಾಯಿ ಬಂಡವಾಳ ಹಾಕಿದವನಿಗೆ ಒಂದೇ ತಿಂಗಳಲ್ಲಿ ಶೇಕಡಾ 8.6ರಷ್ಟು ನಷ್ಟ.

ಈಗ ಇನ್ನೊಂದು ಮಾತು. ನಾವು ಕಂಡುಹಿಡಿದ ಸುಳ್ಳನ್ನೂ ಮನ್ನಿಸಿ, ಒಂಬತ್ತು ಗೆಲುವನ್ನೂ ಒಪ್ಪಿಕೊಂಡುಬಿಡೋಣ. 3,600ರಲ್ಲಿ 2,000 ಕಳೆದರೆ 1,600. ಅದರಲ್ಲಿ ಖರ್ಚು 500, ಶುಲ್ಕ 3,000 ಕಳೆಯಿರಿ. ಆಗಲೂ 1,900 ರೂಪಾಯಿ ನಷ್ಟವೇ! ಶೇಕಡಾ 90 ಯಶಸ್ಸು ಅಕ್ಷರಶಃ ನಿಜವಾಗಿದ್ದರೂ ಶಿಷ್ಯನ ಜೇಬು ಖಾಲಿ. ಏಕಮಾನ ಬರೆಯಿರಿ ಎಂದು ಮೇಷ್ಟ್ರು ಹೇಳುವುದು ಇದಕ್ಕೇ. ಯಶಸ್ಸನ್ನು ‘ಎಷ್ಟು ಸಲ’ ಎಂದು ಅಳೆದರೆ ಒಂದು ಉತ್ತರ, ‘ಎಷ್ಟು ರೂಪಾಯಿ’ ಎಂದು ಅಳೆದರೆ ಇನ್ನೊಂದು.

ಹುಣಸೆಬೀಜದ ಆಟ

‘ಸಾರ್, ನಷ್ಟವೇ ಆಗಲಿ. ಹತ್ತರಲ್ಲಿ ಎಂಟು ಸಲ ಸರಿಯಾಗಿ ಹೇಳಬೇಕಾದರೆ ಏನಾದರೂ ತಿಳಿದಿರಲೇಬೇಕಲ್ಲವೇ?’ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವನ್ನು ಮನೆಯ ಜಗಲಿಯ ಮೇಲೆ ಕುಳಿತು ಪ್ರಯೋಗದಿಂದಲೇ ಪಡೆಯಬಹುದು.

ನೆಲದ ಮೇಲೆ ಸಾಲಾಗಿ ಏಳು ಮನೆಗಳನ್ನು ಸೀಮೆಸುಣ್ಣದಲ್ಲಿ ಬರೆದು 0ಯಿಂದ 6ರವರೆಗೆ ಅಂಕಿ ಹಾಕಿ. 5ನೆಯ ಮನೆಯಲ್ಲಿ ಒಂದು ಹುಣಸೆಬೀಜ ಇಡಿ. ಒಂದು ನಾಣ್ಯವನ್ನು ಚಿಮ್ಮಿ. ತಲೆ ಬಿದ್ದರೆ ಬೀಜ ಒಂದು ಮನೆ ಮುಂದೆ, ಬಾಲ ಬಿದ್ದರೆ ಒಂದು ಮನೆ ಹಿಂದೆ. 6ನ್ನು ಮುಟ್ಟಿದರೆ ಗೆಲುವು, 0ಯನ್ನು ಮುಟ್ಟಿದರೆ ಸೋಲು. ಎರಡರಲ್ಲಿ ಒಂದು ಆಗುವವರೆಗೂ ಚಿಮ್ಮುತ್ತಿರಬೇಕು. ಇಂಥ 24 ಆಟ ಆಡಿ, ಫಲಿತಾಂಶವನ್ನು ಬರೆದುಕೊಳ್ಳಿ. ಒಂದು ಆಟಕ್ಕೆ ಸರಾಸರಿ ಐದೇ ಚಿಮ್ಮು ಸಾಕಾಗುವುದರಿಂದ ಅರ್ಧ ಗಂಟೆಯ ಕೆಲಸ.

24ರಲ್ಲಿ ಸುಮಾರು 20 ಆಟ ಗೆಲ್ಲುತ್ತೀರಿ! ಸಂಭವನೀಯತೆಯ ಲೆಕ್ಕದಲ್ಲಿ ಗೆಲುವಿನ ಪಾಲು ಆರರಲ್ಲಿ ಐದು, ಎಂದರೆ ಶೇಕಡಾ 83. ನಾಣ್ಯಕ್ಕೆ ಷೇರು ಪೇಟೆಯ ಜ್ಞಾನವೇನೂ ಇಲ್ಲ. ಗೆಲುವಿನ ಮನೆ ಒಂದೇ ಹೆಜ್ಜೆ ದೂರ, ಸೋಲಿನ ಮನೆ ಐದು ಹೆಜ್ಜೆ ದೂರ, ಅಷ್ಟೇ ಗುಟ್ಟು. ಆದರೆ ಗೆದ್ದಾಗ ಒಂದು ಹೆಜ್ಜೆಯ ಗಳಿಕೆ, ಸೋತಾಗ ಐದು ಹೆಜ್ಜೆಯ ನಷ್ಟ. 20 ಗೆಲುವಿಗೆ 20 ಹೆಜ್ಜೆ, 4 ಸೋಲಿಗೆ 20 ಹೆಜ್ಜೆ. ಕೂಡಿಸಿ ಕಳೆದರೆ ಸೊನ್ನೆ.

ನಮ್ಮ ಪಟ್ಟಿಯ ಸಲಹೆಯನ್ನು ಮತ್ತೆ ನೋಡಿ. ಮೊದಲ ಗುರಿ 4 ರೂಪಾಯಿ ಮೇಲೆ, ಸ್ಟಾಪ್‌ಲಾಸ್ 20 ರೂಪಾಯಿ ಕೆಳಗೆ. ಅದೇ ಒಂದಕ್ಕೆ ಐದು! ಷೇರಿನ ಬೆಲೆ ನಾಣ್ಯದಷ್ಟು ಸರಳವಾಗಿ ನಡೆಯುವುದಿಲ್ಲ ಎಂಬುದು ನಿಜ. ಆದರೂ ದಿನದೊಳಗಿನ ಸಣ್ಣ ಏರಿಳಿತಗಳಿಗೆ ಈ ಹೋಲಿಕೆ ಸಾಕಷ್ಟು ಹತ್ತಿರ. ಹತ್ತಿರದ ಗುರಿ, ದೂರದ ಸ್ಟಾಪ್‌ಲಾಸ್ ಇಟ್ಟು ಕಣ್ಣುಮುಚ್ಚಿ ಷೇರು ಆರಿಸಿದರೂ ಶೇಕಡಾ 80ರ ಆಸುಪಾಸಿನ ‘ಯಶಸ್ಸು’ ತಾನಾಗಿಯೇ ಬರುತ್ತದೆ. ಆದ್ದರಿಂದ ಯಾರಾದರೂ ಯಶಸ್ಸಿನ ಶೇಕಡಾವಾರು ಹೇಳಿದರೆ ಮೊದಲು ಕೇಳಬೇಕಾದದ್ದು: ಗುರಿ ಎಷ್ಟು ದೂರ, ಸ್ಟಾಪ್‌ಲಾಸ್ ಎಷ್ಟು ದೂರ? ಸ್ಟಾಪ್‌ಲಾಸ್‌ನ ದೂರವನ್ನು ಎರಡೂ ದೂರಗಳ ಮೊತ್ತದಿಂದ ಭಾಗಿಸಿ. ಇಲ್ಲಿ 20ನ್ನು 24ರಿಂದ ಭಾಗಿಸಿದರೆ 0.83. ಇದು ನಾಣ್ಯಕ್ಕೂ ಸಿಗುವ ಯಶಸ್ಸು. ಇದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ಮಾತ್ರ ಸಲಹೆಗಾರನ ಜಾಣ್ಮೆ, ಅದೂ ಪಟ್ಟಿ ಪೂರ್ತಿಯಾಗಿದ್ದರೆ.

ಅಳಿಸಿಹೋದ ಸಾಲುಗಳು

ಪಟ್ಟಿ ಪೂರ್ತಿಯಾಗಿದೆಯೇ ಎಂಬುದೇ ಮುಂದಿನ ಪ್ರಶ್ನೆ. ಟೆಲಿಗ್ರಾಂ ಚಾನೆಲ್ ನಡೆಸುವವನು ತಾನು ಹಾಕಿದ ಯಾವ ಸಂದೇಶವನ್ನಾದರೂ ಅಳಿಸಬಹುದು. ‘ಇಲ್ಲೊಂದು ಸಂದೇಶ ಇತ್ತು’ ಎಂಬ ಗುರುತು ಓದುಗರಿಗೆ ಕಾಣುವುದಿಲ್ಲ. ಬೆಳಿಗ್ಗೆ ಐದು ಸಲಹೆ ಕೊಟ್ಟು, ಸಂಜೆಗೆ ಸೋತ ಮೂರನ್ನು ಅಳಿಸಿದರೆ ಉಳಿದ ಎರಡಕ್ಕೆ ಎರಡೂ ಗೆಲುವು.

ಆದರೆ ಅಳಿಸಿದವನು ಒಂದು ಜಾಡನ್ನು ಬಿಟ್ಟಿರುತ್ತಾನೆ. ಸಾರ್ವಜನಿಕ ಚಾನೆಲ್ಲಿನ ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆಯಿದೆ. ಸಂದೇಶದ ಕೊಂಡಿಯನ್ನು ನಕಲು ಮಾಡಿ ನೋಡಿದರೆ ಅದು t.me/ ಎಂದು ಆರಂಭವಾಗಿ, ಚಾನೆಲ್ಲಿನ ಹೆಸರು ಬಂದು, ಕೊನೆಯಲ್ಲಿ /412 ಎಂಬಂತೆ ಒಂದು ಸಂಖ್ಯೆ ಇರುತ್ತದೆ. ಅದರ ಮುಂದಿನ ಸಂದೇಶ 413 ಆಗಬೇಕು. 412 ಆದ ಮೇಲೆ 419 ಕಂಡರೆ ನಡುವಿನ ಆರು ಎಲ್ಲಿ ಹೋದವು? ಅಳಿಸಿದ ಸಂಖ್ಯೆಯನ್ನು ಮತ್ತೆ ಯಾರಿಗೂ ಕೊಡುವುದಿಲ್ಲ, ಹರಿದ ಹಾಳೆಯ ಪುಟಸಂಖ್ಯೆಯಂತೆ ಅದು ಖಾಲಿಯೇ ಉಳಿಯುತ್ತದೆ. ಎಚ್ಚರಿಕೆಯ ಮಾತೂ ಬೇಕು. ಒಂದೇ ಬಾರಿಗೆ ನಾಲ್ಕು ಚಿತ್ರ ಹಾಕಿದರೆ ಅವು ನಾಲ್ಕು ಸಂಖ್ಯೆ ತಿನ್ನುತ್ತವೆ. ಆದ್ದರಿಂದ ಒಂದೆರಡು ತೂತು ಕಂಡ ಮಾತ್ರಕ್ಕೆ ಕಳ್ಳನೆನ್ನಬಾರದು. ಆದರೆ ವಹಿವಾಟಿನ ದಿನಗಳಲ್ಲಿ, ಬೆಳಗಿನ ಸಲಹೆಗಳ ನಡುವೆಯೇ, ತೂತುಗಳು ಮತ್ತೆ ಮತ್ತೆ ಕಂಡರೆ ಆ ಪಟ್ಟಿಯನ್ನು ನಂಬುವ ಹಾಗಿಲ್ಲ.

ಈ ಜಾಡಿಗೂ ಸಿಗದ ಉಪಾಯ ಇನ್ನೊಂದಿದೆ. ಒಬ್ಬ 16 ಪುಕ್ಕಟೆ ಗುಂಪುಗಳನ್ನು ತೆರೆಯುತ್ತಾನೆ. ಮೊದಲ ದಿನ ಎಂಟು ಗುಂಪಿಗೆ ‘ನಾಳೆ ಪೇಟೆ ಏರುತ್ತದೆ’, ಎಂಟಕ್ಕೆ ‘ಇಳಿಯುತ್ತದೆ’. ತಪ್ಪಾದ ಎಂಟನ್ನು ಮುಚ್ಚುತ್ತಾನೆ. ಉಳಿದ ಎಂಟರಲ್ಲಿ ನಾಲ್ಕಕ್ಕೆ ಏರು, ನಾಲ್ಕಕ್ಕೆ ಇಳಿ. ನಾಲ್ಕು ದಿನ ಕಳೆಯುವಷ್ಟರಲ್ಲಿ ನಾಲ್ಕಕ್ಕೆ ನಾಲ್ಕೂ ಸರಿಯಾದ ಒಂದು ಗುಂಪು ಉಳಿಯುತ್ತದೆ. ಅದರಲ್ಲಿರುವವರಿಗೆ ಇವನು ಸಾಕ್ಷಾತ್ ಜ್ಯೋತಿಷಿ. ಆ ಗುಂಪಿನಲ್ಲಿ ಯಾವ ಸಂದೇಶವೂ ಅಳಿದಿಲ್ಲ, ಸಮಯವೂ ಸರಿಯಾಗಿದೆ. ಅಳಿದದ್ದು ಉಳಿದ ಹದಿನೈದು ಗುಂಪುಗಳು, ಅವು ನಮಗೆ ಕಾಣುವುದಿಲ್ಲ. ಆದ್ದರಿಂದ ನಾವು ಸೇರುವ ಮೊದಲು ಆದ ಗೆಲುವುಗಳಿಗೆ ಎಷ್ಟೇ ಹೊಳಪಿದ್ದರೂ ಬೆಲೆ ಕಡಿಮೆ. ನಾವು ಬರೆದುಕೊಳ್ಳಲು ಆರಂಭಿಸಿದ ದಿನದಿಂದ ಮುಂದಿನದೇ ಪರೀಕ್ಷೆ.

ಸೆಬಿ ತೆರೆದ ಲೆಕ್ಕಪುಸ್ತಕ

ಇದೆಲ್ಲ ಬರಿಯ ಊಹೆಯಲ್ಲ. ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಗೆ ಯಾವುದೇ ವ್ಯಕ್ತಿಯ ನಿಜವಾದ ವಹಿವಾಟಿನ ದಾಖಲೆಯನ್ನು ತರಿಸಿಕೊಳ್ಳುವ ಅಧಿಕಾರವಿದೆ. ‘ಬಾಪ್ ಆಫ್ ಚಾರ್ಟ್’ ಎಂಬ ಹೆಸರಿನಲ್ಲಿ ಯೂಟ್ಯೂಬ್, ಟೆಲಿಗ್ರಾಂಗಳಲ್ಲಿ ಷೇರು ಪೇಟೆಯ ಪಾಠ ಮತ್ತು ಸಲಹೆ ಮಾರುತ್ತಿದ್ದವರ ಮೇಲೆ 2023ರ ಅಕ್ಟೋಬರ್‌ನಲ್ಲಿ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಸೇರಿದವರಿಂದ ಸಂಗ್ರಹಿಸಿದ ಸುಮಾರು 17 ಕೋಟಿ ರೂಪಾಯಿಗಳನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ಹೇಳಿತು. ಜನರ ಎದುರು ತೋರಿಸಿದ್ದು ಲಾಭದ ಚಿತ್ರಗಳನ್ನು. ಆದರೆ ಆ ಆದೇಶದ ಪ್ರಕಾರ 2021ರ ಜನವರಿಯಿಂದ 2023ರ ಜುಲೈವರೆಗೆ ಅದನ್ನು ನಡೆಸುತ್ತಿದ್ದವರ ಸ್ವಂತ ವಹಿವಾಟಿನಲ್ಲಿ ಆಗಿದ್ದದ್ದು ಸುಮಾರು 2.89 ಕೋಟಿ ರೂಪಾಯಿ ನಷ್ಟ. ಚಿತ್ರಕ್ಕೂ ದಾಖಲೆಗೂ ಇರುವ ಅಂತರ ಇಷ್ಟು.

ಇನ್ನೊಂದು ಬಗೆಯದು 2022ರ ಜನವರಿಯಲ್ಲಿ ಸೆಬಿ ಆದೇಶ ಹೊರಡಿಸಿದ ‘ಬುಲ್‌ರನ್2017’ ಎಂಬ ಟೆಲಿಗ್ರಾಂ ಚಾನೆಲ್ಲಿನ ಪ್ರಕರಣ. ಆದೇಶದ ಪ್ರಕಾರ ಇಲ್ಲಿ ಚಾನೆಲ್ಲಿನವರು ಮೊದಲು ತಾವೇ ಸಣ್ಣ ಕಂಪನಿಗಳ ಷೇರು ಕೊಂಡಿಟ್ಟುಕೊಂಡು, ಆಮೇಲೆ ಚಾನೆಲ್ಲಿನಲ್ಲಿ ‘ಕೊಳ್ಳಿ’ ಎಂದು ಸಲಹೆ ಹಾಕುತ್ತಿದ್ದರು. ಸದಸ್ಯರೆಲ್ಲ ಒಟ್ಟಿಗೆ ಕೊಳ್ಳಲು ನುಗ್ಗಿದಾಗ ಬೆಲೆ ಏರುತ್ತಿತ್ತು. ಆ ಏರಿದ ಬೆಲೆಗೆ ಚಾನೆಲ್ಲಿನವರು ಮಾರುತ್ತಿದ್ದರು. ಇಂಥಲ್ಲಿ ಸಲಹೆ ಕೆಲವು ನಿಮಿಷ ನಿಜವೇ ಆಗುತ್ತದೆ. ಏರಿಸಿದವರು ಸದಸ್ಯರೇ, ಇಳಿದಾಗ ಸಿಕ್ಕಿಬಿದ್ದವರೂ ಸದಸ್ಯರೇ. ಗುರುತಿಸುವುದು ಹೇಗೆ? ಕೇಳಿ ಗೊತ್ತಿಲ್ಲದ ಸಣ್ಣ ಕಂಪನಿಯಾಗಿದ್ದರೆ, ಭಾವ್‌ಕಾಪಿಯಲ್ಲಿ ಹಿಂದಿನ ವಾರಗಳ ವಹಿವಾಟಿನ ಪ್ರಮಾಣ ನೋಡಿ. ದಿನಕ್ಕೆ ಕೆಲವೇ ಸಾವಿರ ಷೇರು ಕೈಬದಲಾಗುತ್ತಿದ್ದದ್ದು ಸಲಹೆಗೆ ಒಂದೆರಡು ದಿನ ಮೊದಲೇ ಹಲವು ಪಟ್ಟು ಏರಿದ್ದರೆ, ನಿಮಗಿಂತ ಮೊದಲು ಯಾರೋ ಕೊಂಡಿಟ್ಟಿದ್ದಾರೆ ಎಂಬ ಅನುಮಾನಕ್ಕೆ ಬಲವಾದ ಕಾರಣವಿದೆ.

ಇಪ್ಪತ್ತು ಸಲಹೆಗಳ ಪ್ರಯೋಗ

ಇಷ್ಟಾದರೂ ‘ನಾನು ನೋಡುತ್ತಿರುವ ಗುಂಪು ಹಾಗಲ್ಲ’ ಎನ್ನುವ ಹುಡುಗನಿಗೆ ಬೈಯುವ ಬದಲು ಒಂದು ನೋಟ್‌ಬುಕ್ ಕೊಡಿ. ಒಂದು ಪೈಸೆಯನ್ನೂ ಹಾಕದೆ, ಪುಕ್ಕಟೆ ಗುಂಪಿನಲ್ಲಿ ಮುಂದೆ ಬರುವ ಇಪ್ಪತ್ತು ಸಲಹೆಗಳನ್ನು ಪರೀಕ್ಷಿಸಲಿ.

ನಿಯಮಗಳನ್ನು ಮೊದಲೇ ಬರೆದು ತಂದೆ ಮಗ ಇಬ್ಬರೂ ಸಹಿ ಹಾಕಬೇಕು. ಸಂದೇಶ ಬಂದ ಗಂಟೆ ನಿಮಿಷವನ್ನು ಶಾಯಿಯಲ್ಲಿ ಬರೆಯಬೇಕು. ಕೊಳ್ಳುವ ಬೆಲೆಯೆಂದು ಸಂದೇಶದಲ್ಲಿರುವುದನ್ನಲ್ಲ, ಎರಡು ನಿಮಿಷದ ನಂತರ ಪೇಟೆಯಲ್ಲಿ ನಿಜವಾಗಿ ಇದ್ದ ಬೆಲೆಯನ್ನು ಹಿಡಿಯಬೇಕು; ಸಂದೇಶ ಓದಿ ಆರ್ಡರ್ ಹಾಕಲು ಅಷ್ಟಾದರೂ ಹೊತ್ತು ಬೇಕಲ್ಲ! ಗುರಿ ಮೊದಲು ಬಂತೋ ಸ್ಟಾಪ್‌ಲಾಸ್ ಮೊದಲು ಬಂತೋ ನೋಡಿ ಅಲ್ಲಿಗೆ ಲೆಕ್ಕ ಮುಗಿಸಬೇಕು. ಎರಡೂ ಬಾರದಿದ್ದರೆ ದಿನದ ಮುಕ್ತಾಯದ ಬೆಲೆ. ಒಂದೇ ನಿಮಿಷದಲ್ಲಿ ಎರಡೂ ಮುಟ್ಟಿದ್ದರೆ ನಷ್ಟವೆಂದೇ ಹಿಡಿಯಬೇಕು. ಯಾವ ಸಲಹೆಯನ್ನೂ ಬಿಡುವಂತಿಲ್ಲ, ಗುಂಪಿನವರು ಆಮೇಲೆ ಅಳಿಸಿದರೂ ನಮ್ಮ ಪುಸ್ತಕದಲ್ಲಿ ಅದು ಇರುತ್ತದೆ. ಪ್ರತಿ ಸಲದ ಖರ್ಚು ಮತ್ತು ಗುಂಪಿನವರು ಕೇಳುವ ಶುಲ್ಕವನ್ನು ಕಳೆದು, ಕೊನೆಯ ಮೊತ್ತವನ್ನು ರೂಪಾಯಿಯಲ್ಲಿ ಬರೆಯಬೇಕು.

ಪ್ರಯೋಗವೆಂದ ಮೇಲೆ ಹೋಲಿಕೆಗೆ ಇನ್ನೊಂದು ಬೇಕು. ಆದ್ದರಿಂದ ಪ್ರತಿ ಸಲಹೆಯ ಪಕ್ಕದಲ್ಲಿ ನಾಣ್ಯದ ಅಂಕಣವೂ ಇರಲಿ. ತಲೆ ಬಿದ್ದರೆ ಅದೇ ಷೇರನ್ನು ಕೊಳ್ಳುವುದು, ಬಾಲ ಬಿದ್ದರೆ ಮೊದಲು ಮಾರಿ ಆಮೇಲೆ ಕೊಳ್ಳುವುದು. ಗುರಿ, ಸ್ಟಾಪ್‌ಲಾಸ್‌ಗಳ ದೂರ ಅಷ್ಟೇ. ನಾಣ್ಯ ಶುಲ್ಕ ಕೇಳುವುದಿಲ್ಲ ಎಂಬುದನ್ನು ಮರೆಯಬೇಡಿ.

ಈ ಪ್ರಯೋಗದ ಮಿತಿಯನ್ನೂ ತಿಳಿದಿರಬೇಕು. ಗುರಿ ಮತ್ತು ಸ್ಟಾಪ್‌ಲಾಸ್ ಸಮದೂರದಲ್ಲಿದ್ದರೆ ನಾಣ್ಯಕ್ಕೂ ಇಪ್ಪತ್ತರಲ್ಲಿ ಹತ್ತರ ಆಸುಪಾಸು ಗೆಲುವು ಸಿಗುತ್ತದೆ. ಆದರೆ ಅದೃಷ್ಟದಿಂದಲೇ 14 ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವ ಸಂಭವವೂ ಶೇಕಡಾ 6ರಷ್ಟಿದೆ. ಎಂದರೆ ಏನೂ ತಿಳಿಯದ ನೂರು ಗುಂಪುಗಳಿದ್ದರೆ ಆರು ಗುಂಪುಗಳು ಹೊಳೆಯುತ್ತವೆ, ನಿಮ್ಮದು ಆ ಆರರಲ್ಲಿ ಒಂದಾಗಿರಬಹುದು. ಆದ್ದರಿಂದ ಇಪ್ಪತ್ತು ಸಲಹೆಗಳಿಂದ ಒಬ್ಬ ಜಾಣನೆಂದು ಸಾಧಿಸಲಾಗದು. ಆದರೆ ಶೇಕಡಾ 90 ಗ್ಯಾರಂಟಿ ಎಂಬ ಮಾತು ಸುಳ್ಳೆಂದು ತೋರಿಸಲು ಇಪ್ಪತ್ತು ಬೇಕಾದಷ್ಟಾಯಿತು. ಮೊದಲ ಇಪ್ಪತ್ತರಲ್ಲಿ ಗೆದ್ದರೆ ಎರಡನೆಯ ಇಪ್ಪತ್ತನ್ನು ಬರೆಯಿರಿ. ಹೊಳಪು ಅದೃಷ್ಟದ್ದಾಗಿದ್ದರೆ ಅಲ್ಲಿ ಮಾಸುವ ಸಂಭವವೇ ಹೆಚ್ಚು.

ನೋಂದಣಿಯ ಅರ್ಥ

ಹಣ ಪಡೆದು ಷೇರು ಸಲಹೆ ಕೊಡಲು ಸೆಬಿಯ ನೋಂದಣಿ ಬೇಕು. ಸಂಶೋಧನಾ ವಿಶ್ಲೇಷಕರ ಸಂಖ್ಯೆ INH ಎಂದೂ, ಹೂಡಿಕೆ ಸಲಹೆಗಾರರ ಸಂಖ್ಯೆ INA ಎಂದೂ ಆರಂಭವಾಗುತ್ತದೆ. ಗುಂಪಿನಲ್ಲಿ ಇಂಥ ಸಂಖ್ಯೆ ಬರೆದಿದ್ದರೆ ಸಾಲದು, ಬೇರೆಯವರ ಸಂಖ್ಯೆಯನ್ನು ಕದ್ದು ಹಾಕಿಕೊಳ್ಳುವವರಿದ್ದಾರೆ. ಸೆಬಿಯ ವೆಬ್‌ಸೈಟಿನ ಪಟ್ಟಿಯಲ್ಲಿ ಆ ಸಂಖ್ಯೆ ಯಾರ ಹೆಸರಿನಲ್ಲಿದೆ, ಹಣ ಕಳಿಸಲು ಹೇಳಿದ ಖಾತೆ ಯಾರ ಹೆಸರಿನಲ್ಲಿದೆ ಎಂದು ಎರಡನ್ನೂ ತಾಳೆ ನೋಡಬೇಕು. ಅನುಮಾನ ಬಂದರೆ ಪಟ್ಟಿಯಲ್ಲಿರುವ ದೂರವಾಣಿಗೇ ಕರೆ ಮಾಡಿ, ಗುಂಪಿನಲ್ಲಿ ಕೊಟ್ಟ ಸಂಖ್ಯೆಗಲ್ಲ. ನೋಂದಣಿ ಇದ್ದ ಮಾತ್ರಕ್ಕೆ ಸಲಹೆ ಫಲಿಸುತ್ತದೆಂದು ಅರ್ಥವಲ್ಲ. ಲಾಭದ ಭರವಸೆ ಕೊಡಲು ನೋಂದಾಯಿತರಿಗೂ ಅನುಮತಿಯಿಲ್ಲ. ಆದ್ದರಿಂದ ‘ಗ್ಯಾರಂಟಿ’ ಎಂಬ ಒಂದು ಪದ ಕಂಡರೆ ಬೇರೆ ಪರೀಕ್ಷೆಯೇ ಬೇಕಿಲ್ಲ. ಅವನು ಒಂದೋ ನೋಂದಣಿ ಇಲ್ಲದವನು, ಇಲ್ಲವೇ ನಿಯಮ ಮುರಿಯುತ್ತಿರುವವನು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನೋಂದಾಯಿತರ ಮೇಲಿನ ದೂರನ್ನು ಸೆಬಿಯ ‘ಸ್ಕೋರ್ಸ್’ ಜಾಲತಾಣದಲ್ಲಿ ದಾಖಲಿಸಬಹುದು.

ಸಲಹೆಗಾರರ ಹಿಂದಿನ ಸಾಧನೆಯನ್ನು ಹೊರಗಿನ ಸಂಸ್ಥೆಯೊಂದು ಪರಿಶೀಲಿಸಿ ಹೇಳುವ ವ್ಯವಸ್ಥೆಯ ಚೌಕಟ್ಟನ್ನು ಸೆಬಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಲಹೆಗಾರ ಈ ವ್ಯವಸ್ಥೆಗೆ ಸೇರಿದ ದಿನದಿಂದ ಮುಂದಿನ ಸಲಹೆಗಳನ್ನು ಮಾತ್ರ ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಆತ ತಾನೇ ಆರಿಸಿ ತಂದ ಹಳೆಯ ಪಟ್ಟಿಗೆ ಅಲ್ಲಿ ಸ್ಥಾನವಿಲ್ಲ. ನಮ್ಮ ನೋಟ್‌ಬುಕ್ಕಿನ ಮೊದಲ ನಿಯಮವೂ ಅದೇ ಆಗಿತ್ತು.

ಭವಿಷ್ಯ, ಆಪ್ಷನ್ ವಹಿವಾಟಿನ ಬಗ್ಗೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವೈಯಕ್ತಿಕವಾಗಿ ಅದರಲ್ಲಿ ತೊಡಗಿದವರ ಪೈಕಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಇದು ಪೂರ್ತಿ ದಾಖಲೆಯಿಂದ ಬಂದ ಅಂಕಿ, ಯಾವ ಸಾಲನ್ನೂ ಅಳಿಸಿಲ್ಲ. ಮುಂದಿನ ಬಾರಿ ‘ನೂರಕ್ಕೆ ತೊಂಬತ್ತು ಗೆಲುವು’ ಎಂಬ ಪಟ್ಟಿ ಮೊಬೈಲಿಗೆ ಬಂದಾಗ ಅದರ ಪಕ್ಕದಲ್ಲಿ ಈ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಮೊದಲ ಸಲಹೆಯ ದಿನಾಂಕ ನೋಡಿ ಆ ದಿನದ ಭಾವ್‌ಕಾಪಿ ತೆರೆಯಿರಿ.